ಎರಡು ಕಂಪನಿ ಒಂದಾದಾಗ ಹೆಸರು ಇಡುವುದು ಹೇಗೆ?

ಮಂಡ್ಯದ ಬೆಲ್ಲದ ಕಂಪನಿಯೂ ಮೈಸೂರಿನ ಮಸಾಲೆ ಪುಡಿ ಕಂಪನಿಯೂ ಒಂದಾಗುತ್ತಿವೆ ಅಂದುಕೊಳ್ಳಿ. ಒಂದರ ಹೆಸರಿನಲ್ಲಿ ‘ಆಲೆಮನೆ’ ಇದೆ, ಇನ್ನೊಂದರಲ್ಲಿ ‘ಒಗ್ಗರಣೆ’. ಲೆಕ್ಕಪತ್ರವೆಲ್ಲ ಮುಗಿದ ಮೇಲೆ ಜಗಳ ಶುರುವಾಗುವುದು ಬೋರ್ಡ್ ಬರೆಸುವಾಗ.

ಮೊದಲು ಹೆಸರಿನ ಮಾತೇ ಎತ್ತಬೇಡಿ. ಎರಡೂ ಕಡೆಯವರನ್ನು ಬೇರೆ ಬೇರೆ ಕೂರಿಸಿ, ‘ಯಾವುದು ಹೋದರೆ ನಿಮಗೆ ಬೇಜಾರು?’ ಎಂದು ಕೇಳಿ. ಎಷ್ಟೋ ಸಲ ಉತ್ತರ ಹೆಸರೇ ಆಗಿರುವುದಿಲ್ಲ. ಪೊಟ್ಟಣದ ಹಳದಿ ಬಣ್ಣವೋ, ಮೂಲೆಯಲ್ಲಿರುವ ಅಜ್ಜಿಯ ಚಿತ್ರವೋ ಆಗಿರುತ್ತದೆ. ಅದನ್ನು ಉಳಿಸಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

ಆಮೇಲೆ ಎಲ್ಲರಿಗೂ ಹೊಳೆಯುವುದು ಎರಡನ್ನೂ ಅಂಟಿಸುವ ಉಪಾಯ. ‘ಆಲೆಗರಣೆ’ ಅಂದರೆ ಯಾರ ಹೆಸರೂ ಅಲ್ಲ, ಸುಮ್ನೆ ನಗು ಬರುತ್ತದೆ. ಪೂರ್ತಿ ಹೆಸರುಗಳನ್ನೇ ಜೋಡಿಸಿದರೂ ಕಷ್ಟ ತಪ್ಪದು. ನಮ್ಮ ಕಡೆಯ ಕಾವೇರಿ, ಕಲ್ಪತರು ಗ್ರಾಮೀಣ ಬ್ಯಾಂಕುಗಳು ಸೇರಿ ‘ಕಾವೇರಿ ಕಲ್ಪತರು’ ಆದವು. 2012ರಲ್ಲಿ ಮಂಡ್ಯದ ವಿಶ್ವೇಶ್ವರಯ್ಯ ಗ್ರಾಮೀಣ ಬ್ಯಾಂಕ್, ಚಿಕ್ಕಮಗಳೂರು-ಕೊಡಗಿನ ಬ್ಯಾಂಕ್ ಕೂಡ ಸೇರಿದಾಗ ಇನ್ನೆಷ್ಟು ಜೋಡಿಸುವುದು? ‘ಕಾವೇರಿ’ ಒಂದೇ ಉಳಿಯಿತು. ಮಂಡ್ಯದವರ ವಿಶ್ವೇಶ್ವರಯ್ಯ ಬೋರ್ಡಿನಿಂದ ಇಳಿದರು. 2019ರ ವಿಲೀನದಲ್ಲಿ ಕಾವೇರಿಯೂ ಹೋಯಿತು.

ಅದಕ್ಕೇ ಇಬ್ಬರ ಕೆಲಸದಲ್ಲೂ ಮೊದಲಿನಿಂದ ಇರುವ ಒಂದು ಮಾತು ಹುಡುಕಿ. ಬೆಲ್ಲದ ಪಾಕ ಇಳಿಸುವವರೂ ಮೆಣಸಿನಕಾಯಿ ಹುರಿಯುವವರೂ ದಿನಕ್ಕೆ ನೂರು ಸಲ ಅನ್ನುವ ಮಾತು ‘ಹದ’. ಇದು ಯಾರ ಮನೆಯಿಂದಲೂ ಎರವಲು ತಂದದ್ದಲ್ಲ, ಅಲ್ವಾ? ಫೋನಿನಲ್ಲಿ ಒಂದು ಸಲ ಹೇಳಿ ನೋಡಿ. ಆ ಕಡೆಯವರು ‘ಏನಂದ್ರಿ?’ ಅಂದರೆ ಆ ಹೆಸರು ಬಿಡಿ.

ಮನಸ್ಸಿಗೆ ಬಂದ ಕೂಡಲೇ ಬೋರ್ಡ್ ಬರೆಸಬೇಡಿ. ಟ್ರೇಡ್‌ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಹುಡುಕಿ. ಅಲ್ಲಿ ಸರಕುಗಳನ್ನು ವರ್ಗವಾಗಿ ವಿಂಗಡಿಸಿರುತ್ತಾರೆ; ಬೆಲ್ಲ, ಮಸಾಲೆ ಎರಡೂ 30ನೇ ವರ್ಗಕ್ಕೆ ಬರುತ್ತವೆ. ಒಂದೇ ರೀತಿ ಕೇಳಿಸುವ ಹೆಸರಿದ್ದರೂ ತಕರಾರು ಬರಬಹುದು. ಕಂಪನಿ ಹೆಸರು ಕಾಯ್ದಿರಿಸಲು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹಾಕುವ RUN ಅರ್ಜಿಗೆ 1,000 ರೂಪಾಯಿ ಶುಲ್ಕ. ಮಂಜೂರಾದರೆ ಹೆಸರು 60 ದಿನ ನಿಮ್ಮದು. ಅಷ್ಟರೊಳಗೆ ಷೇರುದಾರರ ವಿಶೇಷ ನಿರ್ಣಯ ಆಗಿ ಹೆಸರು ಬದಲಾವಣೆಯ ಅರ್ಜಿ INC-24 ಸಲ್ಲಿಸಬೇಕು. ವಿಶೇಷ ನಿರ್ಣಯಕ್ಕೆ ಚಲಾಯಿಸಿದ ಮತಗಳಲ್ಲಿ ಮುಕ್ಕಾಲು ಪಾಲು ಪರವಾಗಿರಬೇಕು. ಹಾಗಾಗಿ ಷೇರು 60-40 ಇದ್ದರೆ 40ರವರು ವಿರುದ್ಧ ಮತ ಹಾಕಿದರೆ ಹೆಸರು ಬದಲಾಗದು. ದೊಡ್ಡ ಪಾಲಿನವರು ಇದನ್ನು ಮೊದಲೇ ನೆನಪಿಟ್ಟುಕೊಂಡರೆ ಮಾತು ಮೆತ್ತಗಾಗುತ್ತದೆ.

ಹೆಸರು ಬದಲಾದ ಮೇಲೆ ಎರಡು ವರ್ಷ ಬೋರ್ಡ್, ಪತ್ರಗಳ ಮೇಲೆ ಹಳೆಯ ಹೆಸರನ್ನೂ ಹಾಕಬೇಕು ಅನ್ನುತ್ತದೆ ಕಾನೂನು. ಇನ್ನು ಪೊಟ್ಟಣದ ಮೇಲೆ ‘ಆಲೆಮನೆ’, ‘ಒಗ್ಗರಣೆ’ ದೊಡ್ಡದಾಗಿಯೇ ಇರಲಿ, ‘ಹದ’ ಕೆಳಗೆ ಸಣ್ಣದಾಗಿ ಬರಲಿ. ಹಳೆಯ ಹೆಸರನ್ನು ಗೋಡೆಯ ಫೋಟೋದಲ್ಲಿ ಮಾತ್ರ ಉಳಿಸಿದರೆ ಸಾಲದು. ನೋಂದಾಯಿಸಿದ ಟ್ರೇಡ್‌ಮಾರ್ಕನ್ನು ಐದು ವರ್ಷಕ್ಕಿಂತ ಜಾಸ್ತಿ ಬಳಸದೆ ಬಿಟ್ಟರೆ, ಅದನ್ನು ತೆಗೆದುಹಾಕಿ ಎಂದು ಬೇರೆಯವರು ಅರ್ಜಿ ಹಾಕಬಹುದು.