ಉಜ್ಜಿದರೆ ಗಟ್ಟಿ, ಕೈ ಬಿಟ್ಟರೆ ಮೆತ್ತಗೆ: ಹೆರಿಗೆ ಕೋಣೆಯ ಒಂದು ರಾತ್ರಿ

ಮಾಸು ಬಿಟ್ಟ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡೇ ಇರುತ್ತವೆ. ಅವನ್ನು ಮುಚ್ಚುವುದು ಗರ್ಭಕೋಶದ ಸ್ನಾಯು. ಅದು ಬಿಗಿಯಾಗಿ ಕುಗ್ಗಿದರೆ ನಾಳಗಳು ಹಿಸುಕಿಕೊಂಡು ರಕ್ತ ನಿಲ್ಲುತ್ತದೆ. ಸಡಿಲವಾಗಿ ಉಳಿದರೆ ಹರಿಯುತ್ತಲೇ ಇರುತ್ತದೆ. ಹೆರಿಗೆ ನಂತರದ ಜಾಸ್ತಿ ರಕ್ತಸ್ರಾವಕ್ಕೆ ಹೆಚ್ಚಿನ ಸಲ ಇದೇ ಕಾರಣ. ಉಳಿದವು ಒಳಗೆಲ್ಲೋ ಹರಿದಿರುವುದು, ಮಾಸಿನ ತುಂಡು ಉಳಿದಿರುವುದು ಮತ್ತು ಅಪರೂಪಕ್ಕೆ ರಕ್ತ ಹೆಪ್ಪುಗಟ್ಟದಿರುವುದು.

ನಾನು ಶಿರಸಿ ಕಡೆಯ ಘಟ್ಟದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಮಳೆಗಾಲದ ಒಂದು ರಾತ್ರಿ ಬಂದವರಿಗೆ ಅದು ಮೂರನೇ ಹೆರಿಗೆ. ಹಿಂದಿನ ದಿನದಿಂದಲೇ ನೋವು ತಿಂದಿದ್ದರು. ಮಗು 3.6 ಕೆಜಿ. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ 10 ಯುನಿಟ್ ತೊಡೆಗೆ ಕೊಟ್ಟಿದ್ದೆವು. ಮಾಸು ಪೂರ್ತಿ ಬಂದಿತ್ತು, ತಿರುಗಿಸಿ ನೋಡಿಯೇ ಇಟ್ಟಿದ್ದೆ. ಆದರೂ ಉದ್ದ ಹೆರಿಗೆ, ದೊಡ್ಡ ಮಗು ಅಂದರೆ ಸ್ನಾಯು ಸೋತಿರುತ್ತದೆ, ಅಲ್ವಾ? ಅದಕ್ಕೇ ಅವರ ಪಕ್ಕದಿಂದ ಏಳಲಿಲ್ಲ.

ಅರ್ಧ ಗಂಟೆಗೆ ಪ್ಯಾಡ್ ನೋಡಿದಾಗ ರಕ್ತ ಧಾರೆಯಾಗಿ ಹರಿಯುತ್ತಿರಲಿಲ್ಲ, ಜಿನುಗುತ್ತಿತ್ತು. ಜಿನುಗುವುದನ್ನು ಹಗುರವಾಗಿ ನೋಡಬಾರದು. ಸೊಂಟದ ಕೆಳಗೆ ಕೈ ಹಾಕಿದೆ. ಹಾಸಿಗೆ ಒದ್ದೆ. ಕಣ್ಣಳತೆಗೆ ರಕ್ತ ಯಾವಾಗಲೂ ಕಡಿಮೆಯೇ ಕಾಣುತ್ತದೆ. ಹಾಗಾಗಿ ನಾವು ಪ್ಯಾಡ್, ಬಟ್ಟೆಗಳನ್ನು ತೂಕಕ್ಕೆ ಹಾಕಿ ಒಣಗಿದ್ದಾಗಿನ ತೂಕ ಕಳೆಯುತ್ತೇವೆ. ಒಂದು ಗ್ರಾಂ ಅಂದರೆ ಸುಮಾರು ಒಂದು ಎಂಎಲ್. ಸಹಜ ಹೆರಿಗೆಯಲ್ಲಿ 500 ಎಂಎಲ್ ಆಯಿತು ಅಂದರೆ ಅದು ರಕ್ತಸ್ರಾವವೇ. ಆದರೆ ತೂಕ ಆಮೇಲೆ, ಮೊದಲು ಹೊಟ್ಟೆಯ ಮೇಲೆ ಕೈ.

ಗರ್ಭಕೋಶದ ತುದಿ ಹೊಕ್ಕಳಿಗಿಂತ ಮೇಲೆ, ಬಲಕ್ಕೆ ವಾಲಿಕೊಂಡು ಸಿಕ್ಕಿತು. ಒತ್ತಿದರೆ ಮೆತ್ತಗೆ. ಜೊತೆಯ ಸಿಸ್ಟರನ್ನು ಕೂಗಿ, ಆಯಾ ಹತ್ತಿರ ಡಾಕ್ಟರಿಗೆ ಫೋನ್ ಮಾಡಿಸಿದೆ. ಬಾಣಂತಿಗೆ ಹೇಳಿದೆ: "ತಂಗೀ, ಹೊಟ್ಟೆ ಉಜ್ತೇನೆ, ನೋಯ್ತದೆ, ಸ್ವಲ್ಪ ತಡ್ಕೋ."

ಒಂದು ಕೈಯನ್ನು ಕೆಳಗೆ, ಮುಂದಿನ ಮೂಳೆಯ ಮೇಲ್ಗಡೆ ಆಧಾರವಾಗಿ ಇಟ್ಟೆ. ಇನ್ನೊಂದು ಕೈಯನ್ನು ಬಟ್ಟಲಿನ ಹಾಗೆ ಬಗ್ಗಿಸಿ ತುದಿಯನ್ನು ಹಿಡಿದು ವೃತ್ತಾಕಾರವಾಗಿ ಗಟ್ಟಿಯಾಗಿ ಉಜ್ಜಿದೆ. ಕೆಳಗಿನ ಕೈ ಬಿಡಬಾರದು. ಆಧಾರವಿಲ್ಲದೆ ಮೆತ್ತಗಿನ ಗರ್ಭಕೋಶವನ್ನು ಒತ್ತಿದರೆ ಅದು ಒಳಮುಖವಾಗಿ ಮಗುಚಿ ಹೊರಗೆ ಬರುವ ಅಪಾಯ ಇದೆ. ಹೆಪ್ಪು ಹೊರಡಿಸುವುದು ಸಹ ಗಟ್ಟಿಯಾದ ಮೇಲೆಯೇ.

ಸ್ವಲ್ಪ ಹೊತ್ತಿಗೆ ಕೈಯೊಳಗೆ ಗಟ್ಟಿಯಾಯಿತು. ಉಜ್ಜುವುದು ನಿಲ್ಲಿಸಿದೆ. ಮತ್ತೆ ಸಡಿಲ.

ಅಷ್ಟರಲ್ಲಿ ಸಿಸ್ಟರ್ 16 ನಂಬರ್ ಕ್ಯಾನುಲಾ ಹಾಕಿ, ಗುಂಪು ನೋಡಲು ರಕ್ತ ತೆಗೆದು, ಒಂದು ಲೀಟರ್ ರಿಂಗರ್ ಲ್ಯಾಕ್ಟೇಟಿಗೆ 20 ಯುನಿಟ್ ಆಕ್ಸಿಟೋಸಿನ್ ಸೇರಿಸಿ ನಿಮಿಷಕ್ಕೆ 60 ಹನಿಯಂತೆ ಬಿಟ್ಟಿದ್ದರು. ಡಾಕ್ಟರ್ ಫೋನಿನಲ್ಲೇ ಹೇಳಿದಂತೆ ರಕ್ತ ನಿಲ್ಲಲು ಕೊಡುವ ಟ್ರಾನೆಕ್ಸಾಮಿಕ್ ಆಸಿಡ್ ಒಂದು ಗ್ರಾಂ ನರಕ್ಕೆ, ಹತ್ತು ನಿಮಿಷ ತೆಗೆದುಕೊಂಡು ನಿಧಾನ ಕೊಟ್ಟರು. ಹೆರಿಗೆಯಾಗಿ ಮೂರು ಗಂಟೆಯೊಳಗೆ ಕೊಟ್ಟರೆ ಮಾತ್ರ ಅದರಿಂದ ಪ್ರಯೋಜನ. ಗರ್ಭಕೋಶ ಕುಗ್ಗಿಸುವ ಇನ್ನೊಂದು ಮದ್ದು ಮೆಥರ್ಜಿನ್ ಟ್ರೇಯಲ್ಲಿತ್ತು. ಬಿಪಿ ಇರುವವರಿಗೆ ಅದು ಆಗದು, ಹಾಗಾಗಿ ಅಳೆಯದೆ ಕೈ ಹಾಕುವುದಿಲ್ಲ.

ನನ್ನ ಮನಸ್ಸು ಮಾತ್ರ ಆ ಬಲಕ್ಕೆ ವಾಲಿದ್ದರಲ್ಲೇ ಇತ್ತು. ಮೂತ್ರಕೋಶ ತುಂಬಿದರೆ ಗರ್ಭಕೋಶವನ್ನು ಮೇಲಕ್ಕೆ, ಪಕ್ಕಕ್ಕೆ ತಳ್ಳುತ್ತದೆ. ಆಗ ಅದಕ್ಕೆ ಸರಿಯಾಗಿ ಕುಗ್ಗಲು ಆಗುವುದಿಲ್ಲ. ಹೆರಿಗೆಗೆ ಮುಂಚೆ ಮೂತ್ರ ಹೋಗಿದ್ದಾರೆ ಅಂತ ಅವರ ಅತ್ತೆ ಹೇಳಿದರು. ನಿಜವೇ, ಆದರೆ ಆಮೇಲೆ ಮತ್ತೆ ತುಂಬಿರುತ್ತದೆ, ಆ ನೋವಿನಲ್ಲಿ ಬಾಣಂತಿಗೆ ಗೊತ್ತೂ ಆಗುವುದಿಲ್ಲ. ಕ್ಯಾಥೆಟರ್ ಹಾಕಿದೆವು. 700 ಎಂಎಲ್ ಬಂತು. ಗರ್ಭಕೋಶ ನಡುವಿಗೆ ಸರಿದು ಹೊಕ್ಕಳ ಕೆಳಗೆ ಇಳಿಯಿತು. ಇನ್ನೊಮ್ಮೆ ಉಜ್ಜಿದಾಗ ಸುಲಿದ ತೆಂಗಿನಕಾಯಿಯಂತೆ ಗಟ್ಟಿಯಾಗಿ, ಹಾಗೇ ನಿಂತಿತು. ಒಂದು ಹಿಡಿ ಹೆಪ್ಪು ಹೊರಬಂದು ಜಿನುಗುವುದು ನಿಂತಿತು. ತೂಕದ ಲೆಕ್ಕದಲ್ಲಿ ಹೋದದ್ದು 650 ಎಂಎಲ್.

ಹೊಟ್ಟೆ ಗಟ್ಟಿ ಇದ್ದೂ ಕೆಂಪು ರಕ್ತ ಹರಿಯುತ್ತಲೇ ಇದ್ದಿದ್ದರೆ ನಾನು ಉಜ್ಜುತ್ತಾ ಕೂರುತ್ತಿರಲಿಲ್ಲ. ಅದು ಹರಿದಿರುವ ಲಕ್ಷಣ. ಬೆಳಕು ಹಿಡಿದು ಯೋನಿ, ಗರ್ಭಕೋಶದ ಬಾಯಿ ನೋಡಿ ಹೊಲಿಗೆ ಹಾಕಬೇಕು.

ನಾಡಿ 104 ಇತ್ತು, ಬಿಪಿಯ ಮೇಲಿನ ಅಂಕಿ 110. ನಾನು ನಾಡಿಯನ್ನೇ ಜಾಸ್ತಿ ನಂಬುತ್ತೇನೆ, ಯಾಕೆಂದರೆ ವಯಸ್ಸಿನ ಹುಡುಗಿಯರಲ್ಲಿ ಬಿಪಿ ಇಳಿಯುವುದು ತಡವಾಗಿ. ನಾಡಿ ಬಿಪಿಯ ಮೇಲಿನ ಅಂಕಿಯ ಹತ್ತಿರ ಬಂದಿದ್ದು ನೋಡಿ ರಕ್ತ ನಿಂತಿದ್ದರೂ 108 ಅನ್ನು ಕರೆಸಿ ಬಾಗಿಲಲ್ಲಿ ನಿಲ್ಲಿಸಿದೆವು. ಮಳೆಗೆ ಘಟ್ಟದ ರಸ್ತೆ ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಅಷ್ಟರಲ್ಲಿ ಡಾಕ್ಟರ್ ಬಂದು ನೋಡಿದರು. ಮುಂದಿನ ಎರಡು ಗಂಟೆ ಪ್ರತಿ 15 ನಿಮಿಷಕ್ಕೆ ಹೊಟ್ಟೆ, ಪ್ಯಾಡ್, ನಾಡಿ. ಕೊನೆಗೆ ನಾಡಿ 88ಕ್ಕೆ ಇಳಿದ ಮೇಲೆ, ಡಾಕ್ಟರ್ ಹೇಳಿದಂತೆ, ಆಂಬುಲೆನ್ಸನ್ನು ವಾಪಸ್ ಕಳಿಸಿದೆವು.