ಪಾರ್ಸೆಲ್ ತಡವಾದರೆ ಗಿರಾಕಿ ಮತ್ತೆ ಬರುವುದಿಲ್ಲವೇ? ಎರಡು ದಿನಾಂಕಗಳಿಂದ ಲೆಕ್ಕ ಹಾಕುವ ಬಗೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಗಳಲ್ಲಿ ಬೇಸಿಗೆಯಲ್ಲಿ ಮಾಡಿಟ್ಟ ಹಲಸಿನಕಾಯಿ ಹಪ್ಪಳವನ್ನು ಫೋನಿನಲ್ಲೇ ಆರ್ಡರ್ ಪಡೆದು ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ಪಾರ್ಸೆಲ್ ಮಾಡುವ ಮನೆಗಳಿವೆ. ಬೇಗ ತಲುಪಿಸಿದರೆ ಗಿರಾಕಿ ಮತ್ತೆ ಕೊಳ್ಳುತ್ತಾನೆ, ತಡವಾದರೆ ಅಲ್ಲಿಗೇ ಬಿಡುತ್ತಾನೆ ಎಂಬ ನಂಬಿಕೆಯಿಂದ ಕೆಲವರು ದುಬಾರಿ ಕೊರಿಯರಿಗೂ ಮನಸ್ಸು ಮಾಡುತ್ತಾರೆ. ಆ ಖರ್ಚಿಗೆ ಕೈಹಾಕುವ ಮೊದಲು, ಆರ್ಡರ್ ಬಂದ ದಿನಾಂಕ ಮತ್ತು ಪಾರ್ಸೆಲ್ ತಲುಪಿದ ದಿನಾಂಕ ಎಂಬ ಎರಡೇ ಮಾಹಿತಿಯಿಂದ ಈ ನಂಬಿಕೆಯನ್ನು ಪರೀಕ್ಷಿಸಬಹುದು.

ಮೊದಲು ಎಕ್ಸೆಲ್ ಅಥವಾ ಅಂಥದೇ ಹಾಳೆಯಲ್ಲಿ ಒಂದು ಆರ್ಡರಿಗೆ ಒಂದು ಸಾಲಿನಂತೆ A ಕಂಬದಲ್ಲಿ ಫೋನ್ ಸಂಖ್ಯೆ, B ಯಲ್ಲಿ ಪಿನ್‌ಕೋಡ್, C ಯಲ್ಲಿ ಆರ್ಡರ್ ದಿನಾಂಕ, D ಯಲ್ಲಿ ತಲುಪಿದ ದಿನಾಂಕವನ್ನು ತುಂಬಿಸಿ. ತಲುಪಿದ ದಿನಾಂಕವನ್ನು ನೆನಪಿನಿಂದ ಬರೆಯದೆ, ಅಂಚೆಯ ಅಥವಾ ಕೊರಿಯರಿನ ಟ್ರ್ಯಾಕಿಂಗ್‌ನಿಂದಲೇ ತೆಗೆದುಕೊಳ್ಳಬೇಕು. ಫೋನ್ ಸಂಖ್ಯೆ ಒಂದು ಕಡೆ +91 ಸೇರಿ, ಇನ್ನೊಂದು ಕಡೆ ಸೇರದೆ ಇದ್ದರೆ ಒಬ್ಬನೇ ಗಿರಾಕಿ ಇಬ್ಬರಾಗಿ ಎಣಿಕೆಯಾಗುತ್ತಾನೆ. ಆದ್ದರಿಂದ ಎಲ್ಲವನ್ನೂ ಹತ್ತು ಅಂಕೆಗೆ ಇಳಿಸಿಕೊಳ್ಳಿ. ಅನಂತರ ಈ ಮೂರು ಸೂತ್ರಗಳನ್ನು ಕ್ರಮವಾಗಿ E, F, G ಕಂಬಗಳಲ್ಲಿ ಹಾಕಿ ಕೆಳಗಿನವರೆಗೆ ಎಳೆಯಿರಿ.

```
=D2-C2
=COUNTIFS(A:A,A2,C:C,"<"&C2)=0
=COUNTIFS(A:A,A2,C:C,">"&D2,C:C,"<="&D2+90)>0
```

ಮೊದಲನೆಯದು ತಲುಪಲು ಹಿಡಿದ ದಿನಗಳನ್ನು ಕೊಡುತ್ತದೆ. ಅಲ್ಲಿ ಎಲ್ಲಾದರೂ ಋಣ ಸಂಖ್ಯೆಯೋ ಅರುವತ್ತು, ತೊಂಬತ್ತರಂಥ ದೊಡ್ಡ ಸಂಖ್ಯೆಯೋ ಕಂಡರೆ ದಿನ ಮತ್ತು ತಿಂಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು; 03/04 ಎಂಬುದನ್ನು ನಾವು ಏಪ್ರಿಲ್ 3 ಎಂದು ಓದಿದರೆ ಕಂಪ್ಯೂಟರು ಮಾರ್ಚ್ 4 ಎಂದು ಓದಿರುತ್ತದೆ. ಎರಡನೆಯ ಸೂತ್ರ ಇದು ಗಿರಾಕಿಯ ಮೊದಲ ಆರ್ಡರೇ ಎಂದು ಹೇಳುತ್ತದೆ. ಮುಂದಿನ ಲೆಕ್ಕದಲ್ಲಿ ಮೊದಲ ಆರ್ಡರಿನ ಸಾಲುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಹತ್ತು ಸಲ ಕೊಂಡ ಹಳೆಯ ಗಿರಾಕಿ ಹತ್ತು ಸಾಲುಗಳಲ್ಲಿ ಕಾಣಿಸಿಕೊಂಡು ಫಲಿತಾಂಶವನ್ನು ತನ್ನತ್ತ ಎಳೆಯುತ್ತಾನೆ, ಮತ್ತು ಅವನು ಒಂದು ವಿಳಂಬಕ್ಕೆ ಬಿಟ್ಟುಹೋಗುವವನೂ ಅಲ್ಲ.

ಮೂರನೆಯ ಸೂತ್ರವೇ ಈ ಲೆಕ್ಕದ ಜೀವಾಳ. ಪಾರ್ಸೆಲ್ ತಲುಪಿದ ನಂತರದ 90 ದಿನಗಳೊಳಗೆ ಅದೇ ಫೋನಿನಿಂದ ಇನ್ನೊಂದು ಆರ್ಡರ್ ಬಂದಿದೆಯೇ ಎಂದು ಅದು ನೋಡುತ್ತದೆ. ಈ ಅವಧಿಯನ್ನು ಆರ್ಡರ್ ದಿನಾಂಕದಿಂದ ಎಣಿಸಿದರೆ, 12ನೆಯ ದಿನ ಹಪ್ಪಳ ಕೈಸೇರಿದವನಿಗೆ ಮತ್ತೆ ಕೊಳ್ಳಲು 78 ದಿನಗಳಷ್ಟೇ ಉಳಿಯುತ್ತವೆ, 3ನೆಯ ದಿನ ಸಿಕ್ಕಿದವನಿಗೆ 87. ಹೀಗೆ ವಿಳಂಬದ ದೋಷವೊಂದು ಲೆಕ್ಕದೊಳಗೇ ಹುಟ್ಟಿಕೊಳ್ಳುತ್ತದೆ. ಪಾರ್ಸೆಲ್ ತಲುಪುವ ಮೊದಲೇ ಎರಡನೆಯ ಆರ್ಡರ್ ಕೊಟ್ಟವರು ತಲುಪಿದ ವೇಗವನ್ನು ನೋಡಿ ಕೊಂಡವರಲ್ಲವಾದ್ದರಿಂದ ಸೂತ್ರವು ಆ ಆರ್ಡರನ್ನು ಮರುಖರೀದಿಯೆಂದು ಎಣಿಸುವುದಿಲ್ಲ; ಅಂಥ ಗಿರಾಕಿಗಳ ಸಾಲನ್ನೇ ಬೇರೆ ತೆಗೆದಿಟ್ಟರೆ ಇನ್ನೂ ಒಳ್ಳೆಯದು. 90 ಎಂಬುದು ಕಟ್ಟಳೆಯಲ್ಲ. ನಿಮ್ಮ ಪಟ್ಟಿಯಲ್ಲಿ ಮರಳಿ ಬಂದವರು ಸಾಮಾನ್ಯವಾಗಿ ಎಷ್ಟು ದಿನಗಳಲ್ಲಿ ಬಂದಿದ್ದಾರೆಂದು ನೋಡಿ, ಹೆಚ್ಚಿನವರು ಒಳಗೊಳ್ಳುವಷ್ಟು ಅವಧಿಯನ್ನು ಹಿಡಿಯಿರಿ. ಇದರ ಜತೆಗೆ, ಪಟ್ಟಿ 2025ರ ಮಾರ್ಚ್ 31ಕ್ಕೆ ಮುಗಿಯುತ್ತದೆ ಎಂದಾದರೆ 2024ರ ಡಿಸೆಂಬರ್ 31ರ ನಂತರ ಪಾರ್ಸೆಲ್ ಪಡೆದವರನ್ನು ಕೈಬಿಡಬೇಕು; ಅವರ 90 ದಿನಗಳು ಇನ್ನೂ ಪೂರ್ತಿಯಾಗಿಲ್ಲ.

ಈಗ ತಲುಪಿದ ದಿನಗಳಿಗನುಸಾರ ಗಿರಾಕಿಗಳನ್ನು ಎರಡು ಗುಂಪು ಮಾಡೋಣ: 4 ದಿನಗಳೊಳಗೆ ಪಡೆದವರು ಮತ್ತು 5 ದಿನ ಅಥವಾ ಹೆಚ್ಚು ಕಾದವರು. ವಿಷಯ ತಿಳಿಯಾಗಲೆಂದು ಒಂದು ಮನೆಯ 400 ಹೊಸ ಗಿರಾಕಿಗಳ ಕಲ್ಪಿತ ಲೆಕ್ಕವನ್ನು ನೋಡಬಹುದು. ಬೇಗ ಪಡೆದ 210 ಮಂದಿಯಲ್ಲಿ 74 ಮಂದಿ, ಅಂದರೆ ಶೇ. 35, ಮರಳಿ ಕೊಂಡರು. ತಡವಾಗಿ ಪಡೆದ 190 ಮಂದಿಯಲ್ಲಿ 41 ಮಂದಿ, ಅಂದರೆ ಶೇ. 22ರಷ್ಟು ಮಾತ್ರ. ಇಷ್ಟನ್ನು ನೋಡಿದವರು ಕೊರಿಯರ್ ಬದಲಾಯಿಸಲು ಆಗಲೇ ಹೊರಟಿರುತ್ತಾರೆ.

ಆದರೆ ಬೇಗ ಪಡೆದವರು ಯಾರು? ಹೆಚ್ಚಿನವರು ಕಾಸರಗೋಡು, ಮಂಗಳೂರು, ಪುತ್ತೂರಿನವರು. ಹಲಸಿನ ಹಪ್ಪಳದ ರುಚಿ ನಾಲಗೆಗೆ ಹತ್ತಿದವರು. ತಡವಾಗಿ ಪಡೆದವರು ಬಹುಪಾಲು ದೂರದವರು, ಒಮ್ಮೆ ತಿಂದು ನೋಡೋಣವೆಂದು ತರಿಸಿದವರು. ಆದ್ದರಿಂದ ಹತ್ತಿರದವರನ್ನು ಹತ್ತಿರದವರ ಜತೆಗೇ, ದೂರದವರನ್ನು ದೂರದವರ ಜತೆಗೇ ಹೋಲಿಸಬೇಕು. ಅದೇ 400 ಮಂದಿಯನ್ನು ಹೀಗೆ ವಿಂಗಡಿಸಿದಾಗ, ಹತ್ತಿರದ ಊರುಗಳಲ್ಲಿ ಬೇಗ ಪಡೆದ 160 ಮಂದಿಯಲ್ಲಿ 64 ಮಂದಿ (ಶೇ. 40), ತಡವಾಗಿ ಪಡೆದ 40 ಮಂದಿಯಲ್ಲಿ 14 ಮಂದಿ (ಶೇ. 35) ಮರಳಿದ್ದಾರೆ, ದೂರದ ಊರುಗಳಲ್ಲಿ ಬೇಗ ಪಡೆದ 50ರಲ್ಲಿ 10 (ಶೇ. 20), ತಡವಾಗಿ ಪಡೆದ 150ರಲ್ಲಿ 27 (ಶೇ. 18). ಒಟ್ಟಿನಲ್ಲಿ 13ರಷ್ಟಿದ್ದ ಅಂತರ ಊರನ್ನು ಬೇರ್ಪಡಿಸಿದ ಕೂಡಲೇ 5 ಮತ್ತು 2ಕ್ಕೆ ಇಳಿಯಿತು. ವಿಳಂಬದ ತಲೆಗೆ ಕಟ್ಟಿದ್ದರಲ್ಲಿ ಬಹುಭಾಗ ಊರಿನ ವ್ಯತ್ಯಾಸವಾಗಿತ್ತು.

ಊರನ್ನು ವಿಂಗಡಿಸಲು ಪಿನ್‌ಕೋಡಿನ ಮೊದಲ ಅಂಕೆ ಸಾಲದು ಎಂಬುದು ನಮ್ಮಂಥ ಗಡಿಯವರಿಗೆ ಬಲುಬೇಗ ತಿಳಿಯುತ್ತದೆ. ಕಾಸರಗೋಡಿನ ಸಂಖ್ಯೆ 671ರಿಂದ ಆರಂಭವಾದರೆ ಪಕ್ಕದ ಮಂಗಳೂರಿನದು 575ರಿಂದ, ಅಷ್ಟು ದೂರದ ತಿರುವನಂತಪುರದ್ದು 695ರಿಂದ. ಮೊದಲ ಅಂಕೆಯನ್ನು ನಂಬಿದರೆ ತಿರುವನಂತಪುರ ನೆರೆಯೂರಾಗಿ ಮಂಗಳೂರು ಪರಸ್ಥಳವಾಗುತ್ತದೆ. ಮೊದಲ ಮೂರು ಅಂಕೆಗಳನ್ನು ಬಳಸಿ, ಯಾವುದು ಹತ್ತಿರ ಎಂಬುದನ್ನು ನೀವೇ ಗುರುತು ಹಾಕಿಕೊಳ್ಳಿ.

ಉಳಿದ 5ರ ಅಂತರವಾದರೂ ನಿಜವೇ? ಇದಕ್ಕೊಂದು ಸುಲಭ ಪರೀಕ್ಷೆಯಿದೆ. ಹತ್ತಿರದ ಊರುಗಳಲ್ಲಿ ತಡವಾಗಿ ಪಡೆದವರು 40 ಮಂದಿ ಮಾತ್ರ. ಅವರಲ್ಲಿ ಇನ್ನಿಬ್ಬರು ಮರಳಿದ್ದರೆ 16 ಆಗಿ, ಶೇ. 40ಕ್ಕೆ ಸರಿಹೊಂದಿ, ಅಂತರವೇ ಇರುತ್ತಿರಲಿಲ್ಲ. ಇಬ್ಬರು ಗಿರಾಕಿಗಳ ಮೇಲೆ ನಿಂತ ತೀರ್ಮಾನಕ್ಕೆ ಹಣ ಹೂಡುವುದು ನನ್ನ ಅಭಿಪ್ರಾಯದಲ್ಲಿ ಅವಸರ. ಅಂತರವನ್ನು ಅಳಿಸಲು ಎಷ್ಟು ಮಂದಿ ಆಚೀಚೆ ಆಗಬೇಕು ಎಂದು ಪ್ರತಿ ಗುಂಪಿಗೂ ಕೇಳಿಕೊಳ್ಳಿ. ಉತ್ತರ ಒಂದು ಕೈಬೆರಳುಗಳಲ್ಲಿ ಮುಗಿದರೆ ಇನ್ನೊಂದು ವರ್ಷದ ಪಟ್ಟಿ ಸೇರುವವರೆಗೆ ಕಾಯಬೇಕು.

ವಿಳಂಬಕ್ಕೆ ಗಿರಾಕಿಯೇ ಕಾರಣವಾಗಿರುವ ಸಂದರ್ಭವೂ ಉಂಟು. ಮನೆಗೆ ಬೀಗವಿತ್ತೆಂದು ಅಂಚೆಯಣ್ಣ ಪಾರ್ಸೆಲನ್ನು ಹಿಂದಕ್ಕೆ ಒಯ್ದಿದ್ದರೆ ತಲುಪಿದ ದಿನಾಂಕ ಮುಂದೆ ಹೋಗುತ್ತದೆ, ಆದರೆ ವಾರಗಟ್ಟಲೆ ಊರಲ್ಲಿಲ್ಲದವನು ಮತ್ತೆ ಕೊಳ್ಳುವ ಸಂಭವವೂ ಕಡಿಮೆಯೇ. ಟ್ರ್ಯಾಕಿಂಗ್‌ನಲ್ಲಿ ಮೊದಲ ಪ್ರಯತ್ನದ ದಿನಾಂಕ ಸಿಕ್ಕಿದರೆ D ಯಲ್ಲಿ ಅದನ್ನೇ ಬರೆದು E ಯನ್ನು ಲೆಕ್ಕ ಹಾಕಿ. 90 ದಿನಗಳ ಎಣಿಕೆಗೆ ಮಾತ್ರ ಕೈಸೇರಿದ ದಿನಾಂಕವನ್ನು ಬೇರೆ ಕಂಬದಲ್ಲಿಟ್ಟು ಸೂತ್ರದಲ್ಲಿ ಅದನ್ನು ಬಳಸಿ. ಹಿಂದಿರುಗಿ ಬಂದ ಪಾರ್ಸೆಲುಗಳಲ್ಲಿ D ಖಾಲಿಯಿರುತ್ತದೆ; ಅವುಗಳನ್ನು ತಡವಾದವರ ಗುಂಪಿಗೆ ಸೇರಿಸದೆ ಪ್ರತ್ಯೇಕವಾಗಿ ಎಣಿಸಬೇಕು.

ಪಟ್ಟಿ ದೊಡ್ಡದಿದ್ದವರಿಗೆ ಇನ್ನೊಂದು ಹೋಲಿಕೆ ಸಾಧ್ಯ, ನನಗೆ ಹೆಚ್ಚು ವಿಶ್ವಾಸವಿರುವುದು ಇದರ ಮೇಲೆಯೇ. ಶನಿವಾರ ಸಂಜೆ ಬಂದ ಆರ್ಡರ್ ಭಾನುವಾರದ ರಜೆಯಿಂದಾಗಿ ಸೋಮವಾರವಷ್ಟೇ ಹೊರಡುತ್ತದೆ. ಮಂಗಳವಾರ ಸಂಜೆಯದ್ದು ಮರುದಿನವೇ ಹೊರಡುತ್ತದೆ. ಒಂದೇ ಊರಿನ, ಒಂದೇ ತಿಂಗಳಿನ ಈ ಎರಡು ಬಗೆಯ ಗಿರಾಕಿಗಳ ನಡುವೆ ಒಂದು ದಿನದ ವ್ಯತ್ಯಾಸ ಬರುವುದು ಅವರ ಊರಿನಿಂದಲೂ ಅಲ್ಲ, ಮಳೆಗಾಲದ ರಸ್ತೆಯಿಂದಲೂ ಅಲ್ಲ, ಕೇವಲ ವಾರದ ಲೆಕ್ಕದಿಂದ. ಒಂದು ದಿನದ ಪರಿಣಾಮ ಸಣ್ಣದಾದ್ದರಿಂದ ಇದಕ್ಕೆ ಸಾವಿರಾರು ಆರ್ಡರುಗಳು ಬೇಕಾಗುತ್ತವೆ, ಮತ್ತು ಶನಿವಾರ ಕೊಳ್ಳುವವರ ಸ್ವಭಾವವೇ ಬೇರೆಯೆಂಬ ಸಂಶಯವನ್ನು ಪೂರ್ತಿ ಕಳೆಯಲಾಗದು. ಆದರೂ ಇಲ್ಲಿ ಮರುಖರೀದಿಯಲ್ಲಿ ಸ್ಪಷ್ಟ ಅಂತರ ಕಂಡರೆ, ಭಾನುವಾರವೂ ಪಾರ್ಸೆಲ್ ಒಯ್ಯುವ ಕೊರಿಯರಿನ ದರವನ್ನು ವಿಚಾರಿಸಲು ತಕ್ಕ ಕಾರಣ ಸಿಕ್ಕಿತೆಂದು ತಿಳಿಯಬಹುದು.