ಸ್ಪೋರ್ ಇದೆಯೇ? ಸೋಂಕು ನಿಯಂತ್ರಣದ ಪ್ರಶ್ನೆಗಳನ್ನು ನಾನು ಬಿಡಿಸುವ ಬಗೆ

ನರ್ಸಿಂಗ್ ಪರೀಕ್ಷೆಯಲ್ಲಿ ಸೋಂಕು ನಿಯಂತ್ರಣದ ಪ್ರಶ್ನೆ ಬಂದರೆ ನಾನು ಆಯ್ಕೆಗಳನ್ನು ಆಮೇಲೆ ನೋಡುತ್ತೇನೆ. ಮೊದಲು ನನ್ನನ್ನೇ ಕೇಳಿಕೊಳ್ಳುವುದು ಒಂದೇ ಮಾತು: ಇಲ್ಲಿ ಸ್ಪೋರ್, ಅಂದರೆ ಕೆಲವು ಬ್ಯಾಕ್ಟೀರಿಯಾಗಳು ತಾಳುವ ಗಟ್ಟಿ ಕವಚದ ಸುಪ್ತ ರೂಪ, ಸಾಯಬೇಕೇ, ಬೇಡವೇ? ಕೈ ತೊಳೆಯುವುದು, ನೆಲ ಒರೆಸುವುದು, ಆಟೋಕ್ಲೇವ್ ಇವೆಲ್ಲ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳು. ಪ್ರಶ್ನೆ ಕೊಡುವವರು ಮಾತ್ರ ಇವನ್ನೆಲ್ಲ ಒಂದೇ ರೋಗಿಯ ಸುತ್ತ ಪೋಣಿಸುತ್ತಾರೆ. ಅಂಥ ಒಬ್ಬ ರೋಗಿಯನ್ನು ಇಟ್ಟುಕೊಂಡು ಹೇಳುತ್ತೇನೆ.

ಹಲವು ದಿನ ಆ್ಯಂಟಿಬಯೋಟಿಕ್ ತೆಗೆದುಕೊಂಡ ರೋಗಿಗೆ ನೀರಿನಂಥ ಭೇದಿ ಶುರುವಾಗಿದೆ. ಮಲ ಪರೀಕ್ಷೆಯಲ್ಲಿ ಸ್ಪೋರ್ ಕಟ್ಟುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿದೆ. ನರ್ಸ್ ರೋಗಿಯ ಬಟ್ಟೆ ಬದಲಿಸಿ ಗ್ಲೌಸ್ ತೆಗೆದಿದ್ದಾರೆ. ಕೈ ಕಣ್ಣಿಗೆ ಶುಭ್ರವಾಗಿಯೇ ಇದೆ. ಮುಂದೇನು? ಆಯ್ಕೆಗಳು ಹೀಗಿರುತ್ತವೆ: ಆಲ್ಕೋಹಾಲ್ ಹ್ಯಾಂಡ್‌ರಬ್, ಸೋಪು ಮತ್ತು ನೀರು, ಕ್ಲೋರ್‌ಹೆಕ್ಸಿಡಿನ್ ಬಟ್ಟೆಯಿಂದ ಒರೆಸುವುದು, ಗ್ಲೌಸ್ ಹಾಕಿದ್ದರಿಂದ ಏನೂ ಬೇಡ.

"ಕಣ್ಣಿಗೆ ಕೊಳೆ ಕಾಣದಿದ್ದರೆ ಹ್ಯಾಂಡ್‌ರಬ್" ಎಂಬ ನಿಯಮವನ್ನಷ್ಟೇ ಬಾಯಿಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಆ ನಿಯಮ ಸರಿಯೇ. ಸಾಮಾನ್ಯ ಸಂದರ್ಭದಲ್ಲಿ 20ರಿಂದ 30 ಸೆಕೆಂಡಿನ ಹ್ಯಾಂಡ್‌ರಬ್ ಸೋಪಿಗಿಂತ ಒಳ್ಳೆಯ ಉತ್ತರ. ಆದರೆ ಆಲ್ಕೋಹಾಲ್ ಕೊಲ್ಲುವುದು ಜೀವಾಣುವಿನ ಪ್ರೋಟೀನನ್ನು ಹೆಪ್ಪುಗಟ್ಟಿಸಿ, ಮತ್ತು ಅದಕ್ಕೆ ನೀರು ಬೇಕು. ಪೂರ್ತಿ ಆಲ್ಕೋಹಾಲ್‌ಗಿಂತ ಶೇ. 70ರದ್ದು ಹೆಚ್ಚು ಕೆಲಸ ಮಾಡುವುದು ಇದೇ ಕಾರಣಕ್ಕೆ. ಸ್ಪೋರಿನ ಒಳಗೆ ನೀರು ಬಹಳ ಕಡಿಮೆ, ಹೊರಗೆ ದಪ್ಪ ಕವಚ. ಹಾಗಾಗಿ ಆಲ್ಕೋಹಾಲ್ ಹಚ್ಚಿ ಉಜ್ಜಿದರೆ ಸ್ಪೋರ್ ಸಾಯುವುದಿಲ್ಲ, ಅಂಗೈಯಿಂದ ಬೆರಳ ಸಂದಿಗೆ ಜಾಗ ಬದಲಿಸುತ್ತದೆ ಅಷ್ಟೇ. ಸೋಪು ಕೂಡ ಅದನ್ನು ಕೊಲ್ಲುವುದಿಲ್ಲ ಎನ್ನುವುದನ್ನು ಗಮನಿಸಿ. ಉಜ್ಜಿದಾಗ ಚರ್ಮದಿಂದ ಸಡಿಲವಾದ ಸ್ಪೋರನ್ನು ಹರಿಯುವ ನೀರು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಉತ್ತರ ಸೋಪು ಮತ್ತು ನೀರು. ಶುರುವಿನಿಂದ ಒರೆಸಿಕೊಳ್ಳುವವರೆಗೆ 40ರಿಂದ 60 ಸೆಕೆಂಡು. ಗ್ಲೌಸ್ ಇದ್ದರೂ ಕೈ ತೊಳೆಯಲೇಬೇಕು. ಕಣ್ಣಿಗೆ ಕಾಣದ ತೂತುಗಳಿರಬಹುದು, ಕಳಚುವಾಗ ಹೊರಮೈ ಕೈಗೆ ತಾಗಿರಬಹುದು.

ಇದೇ ರೋಗಿಯ ಮೇಲೆ ಎರಡನೆಯ ಪ್ರಶ್ನೆ: ಯಾವ ಮುನ್ನೆಚ್ಚರಿಕೆ? ಸ್ಟ್ಯಾಂಡರ್ಡ್ ಪ್ರಿಕಾಷನ್ಸ್ ಮತ್ತು ಕಾಂಟ್ಯಾಕ್ಟ್ ಪ್ರಿಕಾಷನ್ಸ್ ಎರಡನ್ನೂ ಎದುರುಬದುರು ಇಟ್ಟು ಒಂದನ್ನು ಆರಿಸಿ ಎಂದರೆ ಕಾಂಟ್ಯಾಕ್ಟ್ ಆರಿಸುತ್ತೇನೆ. ಸ್ಟ್ಯಾಂಡರ್ಡ್ ಬಿಟ್ಟುಹೋಯಿತು ಎಂದಲ್ಲ. ರೋಗ ಗೊತ್ತಿರಲಿ ಬಿಡಲಿ, ಅದು ಎಲ್ಲ ರೋಗಿಗಳಿಗೂ ಇದ್ದೇ ಇರುವ ತಳಪಾಯ. ಬೆವರೊಂದನ್ನು ಬಿಟ್ಟು ರಕ್ತ ಮತ್ತು ದೇಹದಿಂದ ಬರುವ ಎಲ್ಲ ದ್ರವಗಳೂ ಸೋಂಕು ತರಬಲ್ಲವು ಎಂದೇ ಭಾವಿಸಿ ಮಾಡುವ ಕೆಲಸ ಅದು. ಕಾಂಟ್ಯಾಕ್ಟ್ ಅದರ ಮೇಲಿನ ಇನ್ನೊಂದು ಪದರ: ಪ್ರತ್ಯೇಕ ಕೋಣೆ, ಒಳಗೆ ಕಾಲಿಡುವಾಗಲೇ ಗೌನ್ ಮತ್ತು ಗ್ಲೌಸ್, ಆ ರೋಗಿಗೆಂದೇ ಇಟ್ಟ ಸ್ಟೆತಸ್ಕೋಪ್ ಮತ್ತು ಬಿ.ಪಿ. ಪಟ್ಟಿ. ಎನ್-95 ಮಾಸ್ಕ್ ಆಯ್ಕೆಯಲ್ಲಿ ಕಂಡರೆ ಅದು ಬರೀ ಬಲೆ. ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ.

ಕೋಣೆ ಒರೆಸುವ ಪ್ರಶ್ನೆಗೂ ಅದೇ ಬೀಗದ ಕೈ. ಕ್ವಾಟರ್ನರಿ ಅಮೋನಿಯಂ ದ್ರಾವಣ ನೆಲಕ್ಕೆ ಸಾಮಾನ್ಯವಾಗಿ ಸಾಕು, ಸ್ಪೋರಿಗೆ ಸಾಲದು. ಇಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಬೇಕು. ಲೆಕ್ಕ ಕೇಳಿದರೆ ಹೆದರಬೇಕಿಲ್ಲ. ಶೇ. 5ರ ಬ್ಲೀಚ್ 100 ಮಿ.ಲೀ.ಗೆ 900 ಮಿ.ಲೀ. ನೀರು ಸೇರಿಸಿದರೆ ಒಟ್ಟು 1 ಲೀಟರ್, ಅಂದರೆ ಹತ್ತು ಪಟ್ಟು ತೆಳು. ಶೇ. 5 ಇದ್ದದ್ದು ಶೇ. 0.5 ಆಯಿತು, ಪಿ.ಪಿ.ಎಂ. ಲೆಕ್ಕದಲ್ಲಿ 5,000. ಹತ್ತು ಪಟ್ಟು ಎಂದ ಮಾತ್ರಕ್ಕೆ 100ಕ್ಕೆ 1000 ಸುರಿದರೆ ಅದು ಹನ್ನೊಂದು ಪಟ್ಟು ತೆಳುವಾಗುತ್ತದೆ. ಆಯ್ಕೆಗಳಲ್ಲಿ ಆ ಸಂಖ್ಯೆಯನ್ನೂ ಬೇಕೆಂದೇ ಇಟ್ಟಿರುತ್ತಾರೆ. ಮಲ ಬಿದ್ದ ಜಾಗಕ್ಕೆ ನೇರವಾಗಿ ಬ್ಲೀಚ್ ಸುರಿಯುವ ಉತ್ತರವನ್ನು ನಾನು ಮೊದಲೇ ಹೊಡೆದುಹಾಕುತ್ತೇನೆ. ಕ್ಲೋರಿನ್ ಮೊದಲು ಆ ಕೊಳೆಯೊಂದಿಗೇ ಪ್ರತಿಕ್ರಿಯಿಸಿ ಮುಗಿದುಹೋಗುತ್ತದೆ, ಸ್ಪೋರಿಗೆ ಏನೂ ಉಳಿಯುವುದಿಲ್ಲ. ಮೊದಲು ಕೊಳೆ ತೆಗೆದು, ಆಮೇಲೆ ಬ್ಲೀಚ್ ಹಚ್ಚಿ, ಹೇಳಿದಷ್ಟು ಹೊತ್ತು ಮೇಲ್ಮೈ ಒದ್ದೆಯಾಗಿಯೇ ಇರಲು ಬಿಡಬೇಕು.

ಈಗ ಕಷ್ಟದ ಭಾಗ. ಈ ರೋಗಿಗೆ ಕೊಲೊನೋಸ್ಕೋಪಿ ಮಾಡಿ, ಬಯಾಪ್ಸಿಯನ್ನೂ ತೆಗೆದಿದ್ದಾರೆ. ಒಂದೇ ದಾರಿಯಲ್ಲಿ ಒಳಹೋದ ಕೊಲೊನೋಸ್ಕೋಪ್‌ಗೂ ಬಯಾಪ್ಸಿ ಫೋರ್ಸೆಪ್ಸ್‌ಗೂ ಸಂಸ್ಕರಣೆ ಬೇರೆ ಏಕೆ? ಎರ್ಲ್ ಸ್ಪಾಲ್ಡಿಂಗ್ ಮಾಡಿದ ವಿಂಗಡಣೆ ಉಪಕರಣದ ಹೆಸರು ನೋಡುವುದಿಲ್ಲ, ಅದು ಎಲ್ಲಿ ತಾಗುತ್ತದೆ ಎಂದು ನೋಡುತ್ತದೆ. ಕೊಲೊನೋಸ್ಕೋಪ್ ಕರುಳಿನ ಒಳಪೊರೆಗೆ ತಾಗುತ್ತದೆ, ಅದನ್ನು ಸೀಳುವುದಿಲ್ಲ. ಆದ್ದರಿಂದ ಸೆಮಿ-ಕ್ರಿಟಿಕಲ್, ಹೈ-ಲೆವೆಲ್ ಡಿಸ್ಇನ್ಫೆಕ್ಷನ್ ಸಾಕು. ಫೋರ್ಸೆಪ್ಸ್ ಅದೇ ಪೊರೆಯನ್ನು ಕಚ್ಚಿ ತೆಗೆಯುತ್ತದೆ, ರಕ್ತನಾಳದ ಬಾಗಿಲು ತೆರೆಯುತ್ತದೆ. ಹಾಗಾಗಿ ಕ್ರಿಟಿಕಲ್, ಸ್ಪೋರನ್ನೂ ಬಿಡದೆ ಕೊಲ್ಲುವ ಸ್ಟೆರಿಲೈಸೇಷನ್ ಆಗಲೇಬೇಕು. ಚರ್ಮಕ್ಕಷ್ಟೇ ತಾಗುವ ಬಿ.ಪಿ. ಪಟ್ಟಿ ನಾನ್-ಕ್ರಿಟಿಕಲ್.

ಶೇ. 2ರ ಗ್ಲುಟರಾಲ್ಡಿಹೈಡ್ ಈ ಎರಡು ಕೆಲಸವನ್ನೂ ಮಾಡಬಲ್ಲದು, ವ್ಯತ್ಯಾಸ ಸಮಯದ್ದು. ಪರೀಕ್ಷೆಯಲ್ಲಿ 20 ನಿಮಿಷ ಎಂದರೆ ಹೈ-ಲೆವೆಲ್ ಡಿಸ್ಇನ್ಫೆಕ್ಷನ್, 10 ಗಂಟೆ ಎಂದರೆ ಸ್ಟೆರಿಲೈಸೇಷನ್. "ಸ್ಪೋರ್ ಇರುವ ರೋಗಿ, 20 ನಿಮಿಷ ಹೇಗೆ ಸಾಕು?" ಎಂಬ ಅನುಮಾನ ಬರುವುದು ಸಹಜ. ಹೈ-ಲೆವೆಲ್ ಎಂದರೆ ಸ್ಪೋರ್ ರಾಶಿಗಟ್ಟಲೆ ಇದ್ದರೆ ಮಾತ್ರ ಸೋಲುವ ವಿಧಾನ. ರಾಶಿಯನ್ನು ಇಳಿಸುವುದು ಅದಕ್ಕೂ ಮೊದಲಿನ ಹೆಜ್ಜೆ: ಬಳಸಿದ ಕೂಡಲೇ ಎನ್ಜೈಮ್ ಡಿಟರ್ಜೆಂಟಿನಲ್ಲಿ ಒಳನಾಳಗಳಿಗೆಲ್ಲ ಬ್ರಷ್ ಹಾಕಿ ತೊಳೆಯುವುದು. ಒಣಗಲು ಬಿಟ್ಟರೆ ಲೋಳೆ ನಾಳದೊಳಗೆ ಅಂಟಿ ಕೂರುತ್ತದೆ, ಆಮೇಲೆ ಗ್ಲುಟರಾಲ್ಡಿಹೈಡ್ ಆ ಪದರದ ಮೇಲೇ ನಿಲ್ಲುತ್ತದೆ. ಅದಕ್ಕೇ "ಮೊದಲ ಹೆಜ್ಜೆ ಯಾವುದು" ಎಂದಾಗ ನನ್ನ ಬೆರಳು ತೊಳೆಯುವ ಆಯ್ಕೆಯತ್ತ ಹೋಗುತ್ತದೆ.

ಫೋರ್ಸೆಪ್ಸ್ ಆಟೋಕ್ಲೇವಿಗೆ ಹೋಯಿತು ಎನ್ನಿ. 121 ಡಿಗ್ರಿ ಸೆಲ್ಸಿಯಸ್, 15 ಪೌಂಡ್ ಒತ್ತಡ, 15 ನಿಮಿಷ ಎಂಬುದು ಎಲ್ಲರಿಗೂ ಬಾಯಿಗೆ ಬರುತ್ತದೆ. ಆದರೆ ಕೊಲ್ಲುವುದು ಒತ್ತಡವಲ್ಲ, ಅದು ಉಷ್ಣತೆಯನ್ನು 100ರ ಮೇಲೆ ಏರಿಸುವ ಉಪಾಯ ಮಾತ್ರ. ಹಬೆ ತಣ್ಣನೆಯ ಲೋಹದ ಮೇಲೆ ನೀರಾಗುವಾಗ ಬಿಟ್ಟುಕೊಡುವ ಶಾಖ ಕೊಲ್ಲುತ್ತದೆ. ಒಳಗೆ ಗಾಳಿ ಸಿಕ್ಕಿಹಾಕಿಕೊಂಡರೆ ಹಬೆ ಅಲ್ಲಿಗೆ ತಲುಪದು. ಬಟ್ಟಲನ್ನು ನೆಟ್ಟಗೆ ಇಡದೆ ಪಕ್ಕಕ್ಕೆ ವಾಲಿಸಿ ಇಡುವುದು, ಹಿಡಿಕೆಗಳನ್ನು ಬಿಚ್ಚಿ ಇಡುವುದು, ಗಂಟುಗಳನ್ನು ಒತ್ತೊತ್ತಾಗಿ ತುಂಬದಿರುವುದು ಇದಕ್ಕಾಗಿ.

ಹೊರಬಂದ ಪೊಟ್ಟಣದ ಟೇಪಿನ ಮೇಲೆ ಕಪ್ಪು ಗೆರೆ ಮೂಡಿದೆ, ಆದರೆ ಬಯಲಾಜಿಕಲ್ ಇಂಡಿಕೇಟರ್ ಪಾಸಿಟಿವ್. ಬಳಸಬಹುದೇ? ಕೂಡದು. ಟೇಪು ಹೇಳುವುದು ಪೊಟ್ಟಣ ಯಂತ್ರದೊಳಗೆ ಹೋಗಿಬಂದಿದೆ ಎಂದಷ್ಟೇ. ಇಂಡಿಕೇಟರಿನಲ್ಲಿ ಇರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್‌ನ ಸ್ಪೋರ್, ಹಬೆಗೆ ಬಹಳ ಹೊತ್ತು ತಡೆಯುವ ಜಾತಿ. ಅದು ಬದುಕಿ ಬೆಳೆದಿದ್ದರೆ ಆ ಸುತ್ತಿನ ಸಾಮಾನನ್ನೆಲ್ಲ ತಡೆಹಿಡಿದು ಮತ್ತೆ ಸಂಸ್ಕರಿಸಬೇಕು. ಎಥಿಲಿನ್ ಆಕ್ಸೈಡ್ ಅಥವಾ ಒಣಶಾಖದ ಪ್ರಶ್ನೆಯಾದರೆ ಉತ್ತರ ಬ್ಯಾಸಿಲಸ್ ಅಟ್ರೋಫಿಯಸ್. ಬೋವಿ-ಡಿಕ್ ಪರೀಕ್ಷೆಯೂ ಆಯ್ಕೆಯಲ್ಲಿ ನುಸುಳುತ್ತದೆ. ನಿರ್ವಾತ ಆಟೋಕ್ಲೇವಿನಲ್ಲಿ ಗಾಳಿ ಪೂರ್ತಿ ಹೊರಹೋಯಿತೇ ಎಂದು ನೋಡುವುದಷ್ಟೇ ಅದರ ಕೆಲಸ, ಸ್ಪೋರ್ ಸತ್ತಿತೇ ಎಂದು ಅದು ಹೇಳುವುದಿಲ್ಲ. ಇನ್ನು ಗೆರೆ ಮೂಡಿ, ಇಂಡಿಕೇಟರ್ ನೆಗೆಟಿವ್ ಇದ್ದು, ಪೊಟ್ಟಣ ಮಾತ್ರ ಒದ್ದೆಯಾಗಿದೆ ಎಂದುಕೊಳ್ಳಿ. ಅದನ್ನೂ ವಾಪಸ್ ಕಳಿಸುತ್ತೇನೆ. ಒದ್ದೆ ಬಟ್ಟೆಯ ಮೂಲಕ ಹೊರಗಿನ ಜೀವಾಣು ಒಳಗೆ ಇಳಿಯುತ್ತದೆ, ಒಳಗಿನ ಫೋರ್ಸೆಪ್ಸ್ ಆಗ ಸ್ಟೆರೈಲ್ ಅಲ್ಲ.